ಭೂತನಾಳ ಕೆರೆಯ ದಂಡೆಯಲ್ಲಿ ಹೊಸಬರಿಗಾಗಿ ಪಕ್ಷಿವೀಕ್ಷಣೆಯ ನಡಿಗೆ: ಡಿಸೆಂಬರ್ 14, ಭಾನುವಾರ

ಆತ್ಮೀಯರೇ,

ಎಳ್ಳ ಅಮಾವಾಸ್ಯೆಗೆ ಮುಂಚಿನ ಭಾನುವಾರ, ಅಂದರೆ 2025ರ ಡಿಸೆಂಬರ್ 14ರಂದು ಬೆಳಿಗ್ಗೆ, ವಿಜಯಪುರದ ಭೂತನಾಳ ಕೆರೆಯ ದಂಡೆಯಲ್ಲಿ ಪಕ್ಷಿವೀಕ್ಷಣೆಯ ನಡಿಗೆಯೊಂದನ್ನು ಏರ್ಪಡಿಸಿದ್ದೇವೆ. ಕಾಗೆ, ಗುಬ್ಬಿ, ಪಾರಿವಾಳಗಳ ಆಚೆಗೆ ಒಂದು ಹಕ್ಕಿಯ ಹೆಸರೂ ತಿಳಿಯದವರಿಗಾಗಿಯೇ ಇದನ್ನು ಯೋಜಿಸಿರುವುದರಿಂದ ಯಾರೂ ಸಂಕೋಚಪಡಬೇಕಾಗಿಲ್ಲ. ಶುಲ್ಕವಿಲ್ಲ. ಹತ್ತು ವರ್ಷ ಮೇಲ್ಪಟ್ಟ ಮಕ್ಕಳು ಹಿರಿಯರ ಜೊತೆಯಲ್ಲಿ ಬರಬಹುದು.

ಅಂದು ಸೂರ್ಯೋದಯ 6.50ರ ಸುಮಾರಿಗೆ. ನಾವು 6.15ಕ್ಕೆ ಕೆರೆಯ ಒಡ್ಡಿನ ಬಳಿ ಸೇರಿ, 6.30ಕ್ಕೆ ಸರಿಯಾಗಿ ಹೊರಟು, ಎರಡು ಕಿಲೋಮೀಟರಿನಷ್ಟು ದೂರವನ್ನು ನಿಂತು ನಿಂತು ನಡೆದು 9 ಗಂಟೆಗೆ ಮುಗಿಸುತ್ತೇವೆ. ಇಷ್ಟು ಬೇಗ ಏಕೆಂದು ಕೇಳುವವರಿಗೆ ಉತ್ತರ ಸರಳವಾಗಿದೆ: ರಾತ್ರಿಯೆಲ್ಲ ಉಪವಾಸವಿದ್ದ ಹಕ್ಕಿಗಳು ಬೆಳಕು ಹರಿದೊಡನೆ ಮೇವಿಗಿಳಿಯುತ್ತವೆ, ಬಿಸಿಲೇರಿದ ಮೇಲೆ ಬಹುಪಾಲು ನೆರಳು ಸೇರಿ ಸುಮ್ಮನಾಗುತ್ತವೆ.

ಕೆರೆಯಲ್ಲಿ ನೀರುಕಾಗೆ, ಬೆಳ್ಳಕ್ಕಿ, ಗುಳುಮುಳುಕ, ಮಿಂಚುಳ್ಳಿಗಳನ್ನೂ, ತಂತಿಯ ಮೇಲೆ ಕಾಜಾಣ ಮತ್ತು ಕಳ್ಳಿಪೀರಗಳನ್ನೂ ನೋಡುವ ನಿರೀಕ್ಷೆಯಿದೆ. ಕೆಸರಿನಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಸಿಪಿಲೆಗಳಲ್ಲಿ ಕೆಲವು ಹಿಮಾಲಯ ಮತ್ತು ಅದರಾಚೆಯ ನಾಡುಗಳಿಂದ ಚಳಿಗಾಲ ಕಳೆಯಲು ಬಂದವು. ರಾಜಹಂಸಗಳನ್ನು ಮಾತ್ರ ನಿರೀಕ್ಷಿಸಬೇಡಿ. ಅವುಗಳಿಗೆ ಆಲಮಟ್ಟಿಯ ಹಿನ್ನೀರೇ ಪ್ರಿಯ. ನನ್ನ ಮಟ್ಟಿಗೆ ಹೊಸಬರ ಮೊದಲ ಗುರು ಗುಳುಮುಳುಕ. ಕೈಮುಷ್ಟಿಗಿಂತ ತುಸು ದೊಡ್ಡದಾದ ಈ ಕಂದು ಹಕ್ಕಿ ನಿಮ್ಮ ಕಣ್ಣೆದುರಿಗೇ ಮುಳುಗಿ, ನೀರಿನ ಮೇಲೆ ಉಂಗುರವೊಂದನ್ನಷ್ಟೇ ಬಿಟ್ಟು, ನೀವು ನೆನೆಸದ ಜಾಗದಲ್ಲಿ ಏಳುತ್ತದೆ. ಅದು ಏಳುವವರೆಗೆ ಕಾಯುವುದನ್ನು ಕಲಿತವರಿಗೆ ಉಳಿದದ್ದು ತಾನಾಗಿ ಬರುತ್ತದೆ.

ಇನ್ನು ಮೌನದ ವಿಷಯ. ಇದರಲ್ಲಿ ನಾವು ಸ್ವಲ್ಪ ಕಟ್ಟುನಿಟ್ಟು. ಒಡ್ಡು ಬಿಟ್ಟ ಮೇಲೆ ಮಾತು ಪಿಸುದನಿಯಲ್ಲಿ, ಅದೂ ಅಗತ್ಯವಿದ್ದರೆ ಮಾತ್ರ ಇರಲಿ. ಹಕ್ಕಿ ಕಂಡಾಗ ಕೂಗದೆ, ಕೈಯನ್ನು ಥಟ್ಟನೆ ಚಾಚದೆ, "ಬೇವಿನ ಗಿಡ, ಎಡಗಡೆ ಒಣ ಟೊಂಗೆ" ಎಂಬಷ್ಟನ್ನು ಪಕ್ಕದವರಿಗೆ ಹೇಳಿದರೆ ಸಾಕು. ಮೊಬೈಲನ್ನು ಸೈಲೆಂಟಿನಲ್ಲಿಡುವುದು ಸಾಲದು, ಕಂಪನವನ್ನೂ ನಿಲ್ಲಿಸಿ. ಹಿಂದೊಮ್ಮೆ ಬೆಳ್ಳಕ್ಕಿಗಳ ಹಿಂಡಿಗೆ ಮೂವತ್ತು ಹೆಜ್ಜೆ ದೂರದಲ್ಲಿ ಎಲ್ಲರನ್ನೂ ಉಸಿರು ಬಿಗಿಹಿಡಿದು ನಿಲ್ಲಿಸಿದ್ದಾಗ ಸುಪ್ರಭಾತ ಮೊಳಗಿದ್ದು ನನ್ನದೇ ಕಿಸೆಯಿಂದ. ಹಿಂಡು ಹಾರಿ ಆಚೆ ದಂಡೆ ಸೇರಿತು. ಆದ್ದರಿಂದ ಹೊರಡುವ ಮುನ್ನ ಮೊದಲು ನನ್ನ ಫೋನನ್ನೇ ತಪಾಸಣೆ ಮಾಡಿ.

ಹಕ್ಕಿಯನ್ನು ಹತ್ತಿರಕ್ಕೆ ಕರೆಯಲು ಮೊಬೈಲಿನಲ್ಲಿ ಅದರ ದನಿಯನ್ನು ನುಡಿಸಬಾರದು. ತನ್ನ ನೆಲೆಗೆ ಎದುರಾಳಿ ನುಗ್ಗಿದ್ದಾನೆಂದು ತಿಳಿದು ಅದು ಮೇವು ಬಿಟ್ಟು ಕಳವಳದಿಂದ ಹಾರಾಡುತ್ತದೆ. ಫ್ಲ್ಯಾಶ್ ಬಳಸುವುದು, ಕಲ್ಲೆಸೆಯುವುದು, ಕಾಳು ಚೆಲ್ಲುವುದು ಬೇಡ. ದಾರಿಯ ಬದಿಯಲ್ಲಿ ಹಿಂಗಾರಿ ಜೋಳದ ಹೊಲಗಳಿರುವಲ್ಲಿ ಬೆಳೆಯೊಳಗೆ ಕಾಲಿಡಬಾರದು.

ಬೂದು, ಕಂದು, ಮಾಸಲು ಹಸಿರು ಬಣ್ಣದ ಬಟ್ಟೆ ತೊಡಿ. ಬಿಳಿ ಅಂಗಿ ಮತ್ತು ಸರಸರ ಸದ್ದು ಮಾಡುವ ಜಾಕೆಟ್ಟು ಬೇಡ. ಚಳಿ ಇರುವುದರಿಂದ ಸ್ವೆಟರ್ ಮತ್ತು ಕಿವಿ ಮುಚ್ಚುವ ಟೊಪ್ಪಿಗೆ, ಜಾಲಿಮುಳ್ಳು ಇರುವುದರಿಂದ ಗಟ್ಟಿ ಅಡಿಯ ಬೂಟು ಅವಶ್ಯ. ನೀರಿನ ಬಾಟಲಿ, ಚಿಕ್ಕ ವಹಿ, ಪೆನ್ಸಿಲು ತನ್ನಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತರುವವರಿಗೆ ಸ್ವಾಗತ, ಆದರೆ ರೊಟ್ಟಿ ಮುರಿಯುವ ಕೆಲಸ ನಡಿಗೆ ಮುಗಿದ ನಂತರವೇ ಆಗಲಿ. ಪ್ಲಾಸ್ಟಿಕ್ ಚೀಲದ ಬದಲು ಬಟ್ಟೆಯ ಚೀಲವಿರಲಿ.

ದುರ್ಬೀನು ಇಲ್ಲದವರು ಅದಕ್ಕಾಗಿ ಹಣ ಸುರಿಯಬೇಡಿ. ನಮ್ಮಲ್ಲಿ ನಾಲ್ಕಿವೆ, ಸರದಿಯಂತೆ ಕೊಡುತ್ತೇವೆ. ಅವುಗಳ ಮೇಲೆ 8x42 ಎಂದು ಬರೆದಿದೆ: ನೋಟವನ್ನು ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ವ್ಯಾಸ 42 ಮಿಲಿಮೀಟರ್. ಮೊದಲ ಸಲ ಹಿಡಿದವರಿಗೆ ಬರೀ ಆಕಾಶ ಕಾಣುವುದು ಸಹಜ. ಹಕ್ಕಿಯನ್ನು ಬರಿಗಣ್ಣಿನಿಂದ ಹಿಡಿದುಕೊಂಡು, ಕಣ್ಣು ಅಲುಗಿಸದೆ ದುರ್ಬೀನನ್ನೇ ಕಣ್ಣಿನವರೆಗೆ ಎತ್ತುವುದು ಇದರ ಕೀಲಿ. ಒಡ್ಡಿನ ಮೇಲೆಯೇ ಐದು ನಿಮಿಷ ಇದನ್ನು ರೂಢಿ ಮಾಡಿಸುತ್ತೇವೆ. ಸೂರ್ಯನತ್ತ ಮಾತ್ರ ಅದನ್ನು ಎಂದಿಗೂ ತಿರುಗಿಸಬಾರದು, ಕಣ್ಣಿಗೆ ಶಾಶ್ವತ ಹಾನಿಯಾದೀತು.

ಇಪ್ಪತ್ತು ಮಂದಿಗಷ್ಟೇ ಅವಕಾಶವಿರುವುದರಿಂದ ಈ ಸಂದೇಶಕ್ಕೆ ಉತ್ತರವಾಗಿ ನಿಮ್ಮ ಹೆಸರು, ವಯಸ್ಸುಗಳನ್ನು ಶುಕ್ರವಾರ ಸಂಜೆಯೊಳಗೆ ತಿಳಿಸಿ. 6.30ರ ನಂತರ ಬಂದವರು ಹಿಂದಿನಿಂದ ಓಡಿಬಂದು ಸೇರಿಕೊಳ್ಳದೆ ಒಡ್ಡಿನ ಬಳಿಯೇ ಕುಳಿತಿರಿ. ನಮ್ಮಲ್ಲೊಬ್ಬರು ಬಂದು ಸದ್ದಿಲ್ಲದೆ ಕರೆದುಕೊಂಡು ಹೋಗುತ್ತಾರೆ.