ಗಡಿಯಾರ ರಿಪೇರಿ ವಿಡಿಯೊ: ಮುಂದಿನ ಎಡಿಟ್‌ಗೆ ಟಿಪ್ಪಣಿ

ರಘು,

ಸೋಮವಾರದಿಂದ ಈ ವಿಡಿಯೊ ನಿನ್ನ ಕೈಗೆ. `GADIYARA_v07` ಟೈಮ್‌ಲೈನ್ ತೆರೆ. `v06` ಹಳೆಯ ಕ್ರಮದ್ದು, ತೆಗೆದ ಶಾಟ್‌ಗಳು ಬೇಕಾದರೆ ಇರಲಿ ಅಂತ ಉಳಿಸಿದ್ದೇನೆ. ಅದರಲ್ಲಿ ಕೆಲಸ ಮಾಡಬೇಡ.

ಈಗ 13 ನಿಮಿಷ ಇದೆ, 11ಕ್ಕೆ ಇಳಿಸಬೇಕು. 3:40ರವರೆಗೆ ನಿಂತುಹೋದ ಗೋಡೆ ಗಡಿಯಾರ ಅಂಗಡಿಗೆ ಬರುತ್ತದೆ. ಈ ಭಾಗ ಮುಗಿದಿದೆ. ಅಲ್ಲಿಂದ 7:50ರವರೆಗೆ ಅಂಗಡಿಯವರ ಸಂದರ್ಶನ, ಜೊತೆಗೆ ಗಡಿಯಾರ ಬಿಚ್ಚುವ ಕೆಲಸ. ಕಡಿತ ಎಲ್ಲ ಇಲ್ಲೇ ಆಗಬೇಕು. ಅಂಗಡಿ ಶುರುವಾದ ಕಥೆಯನ್ನು ಅವರು ಎರಡು ಸಲ ಹೇಳಿದ್ದಾರೆ, ಎರಡನೆಯದು ಸಾಕು.

7:50ರಿಂದ 10:25ರವರೆಗೆ ಮಾತಿಲ್ಲ, ಸಂಗೀತವೂ ಇಲ್ಲ. ಹಲ್ಲುಚಕ್ರ, ಚಿಮುಟ, ಬ್ರಷ್ ಸದ್ದು ಮಾತ್ರ. ಮಿಕ್ಕ ಗಡಿಯಾರಗಳನ್ನೆಲ್ಲ ನಿಲ್ಲಿಸಿಯೇ ಅದನ್ನು ಶೂಟ್ ಮಾಡಿದ್ದು. 10:25ಕ್ಕೆ ಮೊದಲ ಟಿಕ್ ಕೇಳಿದಾಗ ನೋಡುವವರಿಗೆ ಜೀವ ಬಂದಂತೆ ಅನಿಸಬೇಕು ಅಂದರೆ ಈ ಮೌನ ಬೇಕೇ ಬೇಕು. ಖಾಲಿ ಅನಿಸುತ್ತೆ, ಮ್ಯೂಸಿಕ್ ಹಾಕೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಒಪ್ಪಬೇಡ. ಉದ್ದ ಅನಿಸಿದರೆ ಶಾಟ್ ಕಡಿಮೆ ಮಾಡು, ಮೌನ ತುಂಬಬೇಡ.

ಸಂದರ್ಶನದ್ದೇ ದೊಡ್ಡ ತಲೆನೋವು. ಹಿಂದೆ ಲೋಲಕದ ಗಡಿಯಾರ ಸೆಕೆಂಡಿಗೊಂದು ಟಿಕ್ ಹೊಡೆಯುತ್ತಿದೆ. ನಾವು 25 ಫ್ರೇಮ್‌ನಲ್ಲಿದ್ದೇವೆ, ಅಂದರೆ ಎರಡು ಟಿಕ್ ನಡುವೆ 25 ಫ್ರೇಮ್. ಮಾತಿನ ಲೆಕ್ಕದಲ್ಲಿ ಕಟ್ ಮಾಡಿದರೆ ಟಿಕ್ ತಪ್ಪುತ್ತದೆ, ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಆಡಿಯೊ ಕಟ್ಟನ್ನು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಒಯ್ದು, ಟಿಕ್ ಅಂತರ ಕೂಡುವವರೆಗೆ ಕೆಲವು ಫ್ರೇಮ್ ಹಿಂದೆ ಮುಂದೆ ಸರಿಸು. ಚಿತ್ರದ ಕಟ್ ಬೇರೆ ಕಡೆ ಇದ್ದರೂ ಪರವಾಗಿಲ್ಲ. 5:30ರವರೆಗೆ ಸರಿ ಮಾಡಿದ್ದೇನೆ. ಮುಂದಿನವಕ್ಕೆ ಕೆಂಪು ಮಾರ್ಕರ್ ಇದೆ. ನಾಯ್ಸ್ ರಿಡಕ್ಷನ್‌ನಿಂದ ಟಿಕ್ ಅಳಿಸಲು ಹೋಗಬೇಡ, ಅವರ ದನಿ ತಗಡಿನಂತಾಗುತ್ತದೆ.

6:12ರ ಫೋನ್ ಶಾಟ್ ವೇರಿಯಬಲ್ ಫ್ರೇಮ್ ರೇಟ್‌ನದ್ದು, ಆಡಿಯೊ ನಿಧಾನಕ್ಕೆ ಜಾರುತ್ತದೆ. ಅದನ್ನು 25ಕ್ಕೆ ಕನ್ವರ್ಟ್ ಮಾಡಿ ಬದಲಿಸು. 8:40ರಲ್ಲಿ ಟ್ಯೂಬ್‌ಲೈಟ್ ಮಿನುಗು ಜಾಸ್ತಿ ಇದೆ, ಡಿಫ್ಲಿಕರ್ ಸಾಲದಿದ್ದರೆ ಆ ಶಾಟ್ ಬಿಡು. ಕಲರ್ ಮೊದಲ ಭಾಗಕ್ಕೆ ಮಾತ್ರ ಆಗಿದೆ.

ಶುರುವಿನ ಸಂಗೀತ ತಾತ್ಕಾಲಿಕ, ಅದಕ್ಕೆ ಲೈಸೆನ್ಸ್ ಇಲ್ಲ. ಅದು ಹಾಗೇ ಹೊರಗೆ ಹೋಗಬಾರದು. ಕೊನೆಯ ಮಿಕ್ಸ್ -14 LUFS, ಪೀಕ್ -1 dBTP ಮೀರದಿರಲಿ.

ಪಿಕ್ಚರ್ ಲಾಕ್ ಆಗುವವರೆಗೆ ಸಬ್‌ಟೈಟಲ್‌ಗೆ ಕಳಿಸಬೇಡ. ಮೂಲ ಫೈಲ್‌ಗಳೆಲ್ಲ ಕಪ್ಪು ಡ್ರೈವ್‌ನಲ್ಲಿವೆ, ನಕಲು ಆಫೀಸಿನ ಸರ್ವರ್‌ನಲ್ಲಿ. ಟಿಕ್ ವಿಷಯದಲ್ಲಿ ಅನುಮಾನ ಬಂದರೆ ಫೋನ್ ಮಾಡು, ಒಟ್ಟಿಗೆ ಕೇಳೋಣ.

ಸುಧಾ