ಮಿಡಿ ಸೀಸನ್‌ಗೆ ಮೊದಲೇ ಡೇಟಾಬೇಸ್ ಪ್ಲಾನ್ ಬದಲಿಸಬೇಕು

ಹೆಗಡೇರೇ, ನಮಸ್ಕಾರ.

ನಿನ್ನೆ ಫೋನಲ್ಲಿ "ಇಷ್ಟು ದಿನ ಫ್ರೀ ಇದ್ದದ್ದಕ್ಕೆ ಈಗ ಯಾಕೆ ದುಡ್ಡು" ಅಂತ ಕೇಳಿದ್ರಲ್ಲ, ಅವಸರದಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಸೈಟಿನ ಆರ್ಡರ್, ಗಿರಾಕಿಗಳ ವಿಳಾಸ, ಸ್ಟಾಕ್ ಎಲ್ಲವೂ ಸೂಪಬೇಸ್ ಅನ್ನೋ ಆನ್‌ಲೈನ್ ಡೇಟಾಬೇಸ್ ಸೇವೆಯ ಫ್ರೀ ಪ್ಲಾನ್‌ನಲ್ಲಿದೆ. ಅಲ್ಲಿ ಡೇಟಾಬೇಸ್‌ಗೆ 500 ಎಂಬಿ ಮಿತಿ. ಈಗ ನಾವು 463ಕ್ಕೆ ಬಂದಿದ್ದೇವೆ. ಸಾಮಾನ್ಯ ತಿಂಗಳಲ್ಲಿ ಹತ್ತು ಹನ್ನೆರಡು ಎಂಬಿ ಏರುತ್ತದೆ, ಆದರೆ ಹೋದ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಬುಕಿಂಗ್ ಶುರುವಾದ ಮೇಲೆ ಎರಡೇ ತಿಂಗಳಲ್ಲಿ ಎಪ್ಪತ್ತರ ಹತ್ತಿರ ಏರಿತ್ತು. ಲೆಕ್ಕ ಹಾಕಿ ನೋಡಿ, ಸೀಸನ್‌ನ ಮಧ್ಯದಲ್ಲೇ ಮಿತಿ ದಾಟುತ್ತೇವೆ.

ದಾಟಿದರೆ ಡೇಟಾಬೇಸ್ ರೀಡ್-ಓನ್ಲಿ ಆಗುತ್ತದೆ. ಸೈಟ್ ತೆರೆಯುತ್ತದೆ, ಜೋನಿ ಬೆಲ್ಲ, ಜೇನುತುಪ್ಪ ಎಲ್ಲ ಕಾಣುತ್ತದೆ, ಜನ ಕಾರ್ಟಿಗೂ ಹಾಕುತ್ತಾರೆ, ಆದರೆ "ಆರ್ಡರ್ ಮಾಡಿ" ಒತ್ತಿದಾಗ ಅದು ಎಲ್ಲೂ ಬರೆದುಕೊಳ್ಳುವುದಿಲ್ಲ. ನಮ್ಮಲ್ಲಿ ಮೊದಲು ಆರ್ಡರ್ ದಾಖಲಾಗಿ ಆಮೇಲೆ ಯುಪಿಐ ಪೇಜ್ ಬರುವುದರಿಂದ ಯಾರ ದುಡ್ಡೂ ಕಟ್ ಆಗೋಕೆ ಶುರುವಾಗಲ್ಲ, ಅದೊಂದು ಪುಣ್ಯ. ಆದರೆ ಎರರ್ ನೋಡಿದ ಗಿರಾಕಿ ನಿಮಗೆ ಫೋನ್ ಮಾಡಿ ಹೇಳುವುದಿಲ್ಲ, ಸುಮ್ನೆ ಬೇರೆ ಕಡೆ ಹೋಗುತ್ತಾನೆ.

ಜಾಗ ಯಾವುದು ತಿನ್ನುತ್ತಿದೆ ಅಂತ ಇದರಲ್ಲಿ ನೋಡಿದೆ (ನಿಮ್ಮ ಮಗನಿಗೆ ತೋರಿಸಿ, ಅವನಿಗೆ ಅರ್ಥವಾಗುತ್ತದೆ):

```sql
select relname,
       pg_size_pretty(pg_total_relation_size(relid))
from pg_statio_user_tables
order by pg_total_relation_size(relid) desc
limit 5;
```

ಅತಿ ದೊಡ್ಡದು ಕೊರಿಯರ್ ಟ್ರ್ಯಾಕಿಂಗ್ ಟೇಬಲ್. ಪಾರ್ಸೆಲ್ ಶಿರಸಿ ಬಿಟ್ಟಿತು, ಹುಬ್ಬಳ್ಳಿ ತಲುಪಿತು, ಹೀಗೆ ಪ್ರತಿ ಹೆಜ್ಜೆಗೂ ಕೊರಿಯರ್‌ನವರು ಕಳಿಸುವ ಸಂದೇಶ ಪೂರ್ತಿ ಅಲ್ಲಿ ಕೂತಿದೆ. ಇಂಡೆಕ್ಸ್ ಸೇರಿ ಅದೊಂದೇ 190 ಎಂಬಿ. ಎರಡನೆಯದು ಆರ್ಡರ್‌ಗಳು.

ಫೋಟೋ ತೆಗೆದು ಹಾಕಿದರೆ ಸಾಲದಾ ಅಂದಿರಿ. ಫೋಟೋಗಳು ಡೇಟಾಬೇಸ್‌ನಲ್ಲಿ ಇಲ್ಲವೇ ಇಲ್ಲ, ಅವು ಬೇರೆ ಸ್ಟೋರೇಜ್‌ನಲ್ಲಿವೆ, ಅದಕ್ಕೆ ಬೇರೆಯೇ ಮಿತಿ. ಅಷ್ಟೂ ಅಳಿಸಿದರೂ ಈ 463ರಲ್ಲಿ ಒಂದೂ ಕಡಿಮೆಯಾಗಲ್ಲ. ಹಳೇ ಆರ್ಡರ್ ಅಳಿಸೋಣ ಅಂದರೆ ಅದು ಬೇಡವೇ ಬೇಡ. ಜಿಎಸ್‌ಟಿ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು, ನಿಮ್ಮ ಬಿಲ್‌ಗಳೆಲ್ಲ ಅದರಿಂದಲೇ ಹುಟ್ಟುವುದು.

ಹಳೇ ಟ್ರ್ಯಾಕಿಂಗ್ ಅಳಿಸಬಹುದು, ಅಳಿಸುತ್ತೇನೆ ಕೂಡ. ಆದರೆ ಸೂಪಬೇಸ್ ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸಾಲು ಅಳಿಸಿದ ತಕ್ಷಣ ಫೈಲ್ ಚಿಕ್ಕದಾಗುವುದಿಲ್ಲ. ಭರಣಿಯಿಂದ ಉಪ್ಪಿನಕಾಯಿ ತೆಗೆದರೆ ಹೊಸದು ತುಂಬಲು ಜಾಗ ಆಗುತ್ತದೆ, ಭರಣಿ ಅಷ್ಟೇ ದೊಡ್ಡದಿರುತ್ತದೆ, ಅಲ್ವಾ? ನಿಜವಾಗಿ ಚಿಕ್ಕದು ಮಾಡಲು `VACUUM FULL` ಓಡಿಸಬೇಕು. ಅದು ಟೇಬಲ್ಲನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ, ಅಷ್ಟು ಹೊತ್ತು ಆ ಟೇಬಲ್ ಲಾಕ್, ಮೇಲೆ ತಾತ್ಕಾಲಿಕವಾಗಿ ಇನ್ನಷ್ಟು ಜಾಗ ಬೇಕು. ಮಾಡಿದರೂ ನಾಲ್ಕಾರು ತಿಂಗಳು ಮುಂದೂಡಿದಂತೆ ಅಷ್ಟೇ, ಮತ್ತೆ ಇದೇ ಕಥೆ, ಪ್ರತಿ ಸಲ ನನ್ನ ಕೆಲಸದ ಚಾರ್ಜ್ ಬೇರೆ.

ಪ್ರೋ ಪ್ಲಾನ್ ತಿಂಗಳಿಗೆ 25 ಡಾಲರ್, ನಮ್ಮ ರೂಪಾಯಿಯಲ್ಲಿ ಎರಡು ಸಾವಿರದ ಮೇಲೆ ಆಗುತ್ತದೆ. 8 ಜಿಬಿ ಜಾಗ ಸಿಗುತ್ತದೆ, ನಿಮ್ಮ ವ್ಯಾಪಾರಕ್ಕೆ ವರ್ಷಗಟ್ಟಲೆ ಸಾಕು. ನನಗೆ ಜಾಗಕ್ಕಿಂತ ದೊಡ್ಡದಾಗಿ ಕಾಣುವುದು ಬ್ಯಾಕಪ್. ಫ್ರೀ ಪ್ಲಾನ್‌ನಲ್ಲಿ ಅವರು ಬ್ಯಾಕಪ್ ಕೊಡುವುದಿಲ್ಲ, ಈಗ ಭಾನುವಾರಕ್ಕೊಮ್ಮೆ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದೇ ಇರುವ ಒಂದೇ ಪ್ರತಿ. ಶನಿವಾರ ಏನಾದರೂ ಆದರೆ ಆ ವಾರದ ಆರ್ಡರ್ ಹೋದ ಹಾಗೇ. ಪ್ರೋದಲ್ಲಿ ದಿನಾ ಬ್ಯಾಕಪ್ ಆಗಿ ಏಳು ದಿನದ್ದು ಇರುತ್ತದೆ.

ಕಡಿಮೆ ದುಡ್ಡಿಗೆ ಒಂದು ಸರ್ವರ್ ಬಾಡಿಗೆಗೆ ತಗೊಂಡು ನಾವೇ ಡೇಟಾಬೇಸ್ ಹಾಕಬಹುದು, ನಿಜ. ಆದರೆ ಅಪ್‌ಡೇಟ್, ಭದ್ರತೆ, ಬ್ಯಾಕಪ್ ಯಾರಾದರೂ ನೋಡಿಕೊಳ್ಳಬೇಕು, ಅದು ನಾನೇ ಆದರೆ ನನ್ನ ಬಿಲ್ ಆ 25 ಡಾಲರಿಗಿಂತ ಜಾಸ್ತಿಯೇ ಬರುತ್ತದೆ.

ಪ್ಲಾನ್ ಬದಲಿಸುವಾಗ ಡೇಟಾ ಎತ್ತಿ ಬೇರೆ ಕಡೆ ಇಡಬೇಕಿಲ್ಲ, ಕೋಡ್ ಮುಟ್ಟಬೇಕಿಲ್ಲ. ಇದಕ್ಕೆ ನನಗೆ ಏನೂ ಕೊಡಬೇಡಿ, ಕಮಿಷನ್ನೂ ಇಲ್ಲ. ಸ್ಪೆಂಡ್ ಕ್ಯಾಪ್ ಆನ್ ಇಟ್ಟಿರುತ್ತೇನೆ, ಬಳಕೆ ಹೆಚ್ಚಾಯಿತು ಅಂತ ಬಿಲ್ ತಾನಾಗಿ ಏರುವುದು ಬೇಡ. ಕಾರ್ಡ್ ಮಾತ್ರ ನಿಮ್ಮದೇ ಆಗಲಿ, ಖಾತೆಯನ್ನೂ ನಿಮ್ಮ ಇಮೇಲ್‌ಗೆ ಮಾಡಿಕೊಡುತ್ತೇನೆ. ನಾಳೆ ನಾನಿಲ್ಲದಿದ್ದರೂ ನಿಮ್ಮ ಅಂಗಡಿ ನಿಮ್ಮ ಕೈಲಿರಬೇಕು.

ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿಗೆ ಅಂತರರಾಷ್ಟ್ರೀಯ ಪಾವತಿ ಆನ್ ಮಾಡಿಟ್ಟುಕೊಳ್ಳಿ. ಈ ತಿಂಗಳು ಮುಗಿಯುವುದರೊಳಗೆ ಒಂದು ಸಂಜೆ ಹೇಳಿ, ಓಟಿಪಿ ಬಂದಾಗ ನೀವು ಫೋನ್ ಹತ್ತಿರ ಇದ್ದರೆ ಸಾಕು.

ಇಂತಿ,
ವಿನಾಯಕ