ಲಾಡ್ಜ್ ಕೋಣೆಯಲ್ಲಿ 25 ನಿಮಿಷ: ಬ್ಯಾಂಡ್ ವ್ಯಾಯಾಮ

ವಾರಕ್ಕೆ ನಾಲ್ಕು ದಿನ ಊರೂರು ಅಲೆಯುವ ನಮ್ಮ ಮಾರಾಟ ವಿಭಾಗದ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ಬೇಕಾಗುವುದು ಎಳೆದರೆ ಹಿಗ್ಗುವ, ಹಿಡಿಕೆಯಿಲ್ಲದ ಒಂದು ಉದ್ದನೆಯ ವ್ಯಾಯಾಮದ ರಬ್ಬರ್ ಬ್ಯಾಂಡ್ ಮತ್ತು ಚಾಪೆಯಷ್ಟು ಜಾಗ. ವಾರದಲ್ಲಿ ಮೂರು ದಿನ, ದಿನ ಬಿಟ್ಟು ದಿನ ಮಾಡಿ.

ಮೊದಲು ಬ್ಯಾಂಡನ್ನು ಬೆಳಕಿಗೆ ಹಿಡಿದು ಎಳೆದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಬಳಸಬೇಡಿ. ಹರಿದರೆ ನೇರ ಮುಖಕ್ಕೆ ಬಡಿಯುತ್ತದೆ. ಮೂರು ನಿಮಿಷ ನಿಂತಲ್ಲೇ ನಡೆದು, ಭುಜಗಳನ್ನು ತಿರುಗಿಸಿ.

ಬ್ಯಾಂಡ್ ಮೆಟ್ಟಿ ನಿಂತು, ತುದಿಗಳನ್ನು ಭುಜದ ಬಳಿ ಹಿಡಿದು 12 ಬಾರಿ ಕುಳಿತು ಏಳಿ. ಹಾಗೆಯೇ ನಿಂತು 10 ಬಾರಿ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ. ನಂತರ ಬ್ಯಾಂಡನ್ನು ಬೆನ್ನಿನ ಮೇಲಿಂದ ಹಾಯಿಸಿ ಅಂಗೈಯಡಿ ಒತ್ತಿ 8 ದಂಡ ಹೊಡೆಯಿರಿ. ಕಷ್ಟವಾದರೆ ಮಂಡಿ ಊರಿ.

ಇನ್ನು ಬೆನ್ನು. ಬಸ್ಸಿನ ಸೀಟಿನಲ್ಲಿ ಎಂಟು ಗಂಟೆ ಬಾಗಿ ಕುಳಿತವರಿಗೆ ನನ್ನ ಮಟ್ಟಿಗೆ ಇದೇ ಮುಖ್ಯ, ಬಿಡಲೇಬೇಡಿ. ನೆಲದ ಮೇಲೆ ಕಾಲು ಚಾಚಿ ಕುಳಿತು, ಬ್ಯಾಂಡನ್ನು ಶೂಗಳ ಅಂಗಾಲಿಗೆ ಒಂದು ಸುತ್ತು ಸುತ್ತಿ. ಎದೆ ಎತ್ತಿ, ಮೊಣಕೈ ಪಕ್ಕೆಗೆ ತಾಗುವಂತೆ ಹಿಂದಕ್ಕೆಳೆದು, ಬೆನ್ನ ಹಿಂದಿನ ಭುಜದ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಒಂದು ಕ್ಷಣ ಬಿಗಿ ಹಿಡಿಯಿರಿ. ಬಿಡುವಾಗ ಮೂರು ಎಣಿಸಿ. ಸ್ನಾಯುವಿಗೆ ಅಲ್ಲೂ ಕೆಲಸವಿದೆ. ಹೀಗೆ 15.

ಮತ್ತೆ ಬ್ಯಾಂಡ್ ಮೆಟ್ಟಿ, ಬೆನ್ನು ನೇರವಿಟ್ಟು ಸೊಂಟದಿಂದ ಬಾಗಿ 12 ಬಾರಿ ಎದ್ದು ನಿಲ್ಲಿ. ಕೊನೆಗೆ 30 ಸೆಕೆಂಡ್ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳುಗಳನ್ನು ಊರಿ ಮೈಯನ್ನು ನೇರವಾಗಿ ಅಲುಗಾಡದೆ ಹಿಡಿಯುವುದು.

ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ಎಣಿಕೆ ಸಲೀಸಾದಾಗ ಬ್ಯಾಂಡನ್ನು ಇನ್ನಷ್ಟು ಗಿಡ್ಡವಾಗಿ ಹಿಡಿಯಿರಿ. ಕೀಲು ಚುಚ್ಚಿದಂತೆ ನೋಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.